ನಮ್ಮ ವೈನ್, ಅವರ ಟೇಬಲ್: ಕಾರ್ಕೇಜ್ ಕೇಳುವ ಇಮೇಲ್ ಹೇಗಿರಬೇಕು?

ಪ್ರಶ್ನೆ: ಮೇಡಂ, ಮುಂದಿನ ತಿಂಗಳು 18ಕ್ಕೆ ನನ್ನ ಹೆಂಡತಿಗೆ 40 ತುಂಬುತ್ತದೆ. ಎಂಟು ಜನ ಊಟಕ್ಕೆ ಹೊರಗೆ ಹೋಗುವವರಿದ್ದೇವೆ, ವೈನ್ ಕುಡಿಯುವವರು ಆರು ಜನ. ನಾಪಾಗೆ ಹೋದಾಗ ತಂದಿಟ್ಟ 2014ರ ಕ್ಯಾಬರ್ನೆ ಎರಡು ಬಾಟಲಿ ಇವೆ, ಜೊತೆಗೆ ಅಂಗಡಿಯಿಂದ ತಂದ ಒಂದು ಸ್ಪಾರ್ಕ್ಲಿಂಗ್ ವೈನ್, ಪ್ರೊಸೆಕ್ಕೊ. ರೆಸ್ಟೋರೆಂಟಿನ ವೆಬ್‌ಸೈಟಿನಲ್ಲಿ ಕಾರ್ಕೇಜ್, ಅಂದರೆ ನಾವೇ ತಂದ ವೈನನ್ನು ತೆರೆದು ಬಡಿಸಲು ಶುಲ್ಕ, ಇದೆ ಅಂತಷ್ಟೇ ಬರೆದಿದ್ದಾರೆ. ಇಮೇಲ್ ಹೇಗೆ ಬರೆಯಲಿ, ಏನೇನು ಕೇಳಲಿ? ಜಿಪುಣ ಅಂದುಕೊಳ್ಳಬಾರದು ನೋಡಿ. ಭಾವ ಒಂದು ಸಿಂಗಲ್ ಮಾಲ್ಟ್ ತರುತ್ತೇನೆ ಅನ್ನುತ್ತಿದ್ದಾರೆ, ಅದನ್ನೂ ಸೇರಿಸಬಹುದಾ?
— ಸನ್ನಿವೇಲ್‌ನ ಓದುಗರೊಬ್ಬರು

ಉತ್ತರ: ಮೊದಲು ಭಾವನವರ ಬಾಟಲಿಯ ವಿಷಯ ಮುಗಿಸಿಬಿಡೋಣ. ಅದು ಮನೆಯಲ್ಲೇ ಇರಲಿ, ಇಮೇಲಿನಲ್ಲಿ ಅದರ ಪ್ರಸ್ತಾಪವೂ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಬಿಯರ್ ಮತ್ತು ವೈನ್ ಮಾತ್ರ ಕೊಡುವ ರೆಸ್ಟೋರೆಂಟಿನ ಲೈಸೆನ್ಸ್ ಟೈಪ್ 41, ವಿಸ್ಕಿ, ಜಿನ್ ಮುಂತಾದವನ್ನೂ ಕೊಡುವವರದು ಟೈಪ್ 47. ಟೈಪ್ 41 ಇರುವ ಜಾಗದೊಳಗೆ ವಿಸ್ಕಿ ಬಾಟಲಿ ಇರುವುದೇ ಕಾನೂನಿಗೆ ವಿರುದ್ಧ. ಗಿರಾಕಿಯೇ ತಂದದ್ದು ಎಂದರೂ ಕುತ್ತು ಬರುವುದು ಲೈಸೆನ್ಸ್ ಇರುವವರಿಗೆ. ಟೈಪ್ 47 ಇದ್ದ ಕಡೆಯೂ ಕಾರ್ಕೇಜ್ ಎಂದರೆ ವೈನ್ ಮಾತ್ರ ಎಂಬುದೇ ರೂಢಿ. ‘ಒಂದು ಸ್ಕಾಚ್ ಕೂಡ ತರಬಹುದಾ?’ ಎಂದು ಕೇಳಿದರೆ, ಈ ಗುಂಪಿಗೆ ನಿಯಮ ಗೊತ್ತಿಲ್ಲ ಎಂದು ಮ್ಯಾನೇಜರ್ ಒಮ್ಮೆಗೇ ಬಿಗಿಯಾಗುತ್ತಾರೆ. ಆಮೇಲೆ ವೈನಿನ ಬಗ್ಗೆ ಕೊಡುವ ಉತ್ತರವೂ ಅಷ್ಟೇ ಬಿಗಿಯಾಗಿರುತ್ತದೆ.

ಇನ್ನು ಜಿಪುಣತನದ ಅಳುಕು. ಕಾರ್ಕೇಜ್ ರೆಸ್ಟೋರೆಂಟಿನವರು ತಾವೇ ಬೆಲೆ ಕಟ್ಟಿಟ್ಟಿರುವ ಸೇವೆ, ಕೇಳುವುದರಲ್ಲಿ ನಾಚಿಕೆಯೇನಿಲ್ಲ. ತಮ್ಮ ಪಟ್ಟಿಯಲ್ಲಿರುವ ವೈನನ್ನು ಅವರು ಕೊಂಡ ಬೆಲೆಯ ಎರಡೂವರೆ, ಮೂರು ಪಟ್ಟಿಗೆ ಮಾರುತ್ತಾರೆ. ಗ್ಲಾಸು, ಅದನ್ನು ತೊಳೆದು ಒರೆಸುವ ಕೈ, ಬಡಿಸುವವರ ಸಂಬಳ ಎಲ್ಲವೂ ಆ ಅಂತರದಿಂದ ಹೊರಡಬೇಕು. ನೀವು ಸ್ವಂತ ಬಾಟಲಿ ತಂದರೆ ಆ ಅಂತರ ಕೈತಪ್ಪುತ್ತದೆ, ಗ್ಲಾಸು ತೊಳೆಯುವ ಕೆಲಸ ಮಾತ್ರ ತಪ್ಪುವುದಿಲ್ಲ. ಕಾರ್ಕೇಜ್ ತುಂಬಿಕೊಡುವುದು ಇದನ್ನೇ. ಅವರ ಕಣ್ಣಿಗೆ ಜಿಪುಣನಾಗಿ ಕಾಣುವವನು ಹತ್ತು ಹದಿನೈದು ಡಾಲರಿನ ಬಾಟಲಿಯನ್ನು ಸೂಪರ್ ಮಾರ್ಕೆಟಿನಿಂದ ಹಿಡಿದು ತಂದು, ಶುಲ್ಕದಲ್ಲೂ ಚೌಕಾಶಿ ಮಾಡುವವನು. ಹತ್ತು ವರ್ಷ ಕಾಪಿಟ್ಟ ಕ್ಯಾಬರ್ನೆಯನ್ನು ಹುಟ್ಟುಹಬ್ಬಕ್ಕೆ ತೆಗೆಯುವವರನ್ನು ಕಂಡರೆ ರೆಸ್ಟೋರೆಂಟಿನ ವೈನ್ ನೋಡಿಕೊಳ್ಳುವ ಸೊಮೆಲಿಯೆಗಳಿಗೆ ಒಳಗೊಳಗೇ ಖುಷಿ. ಹಾಗಾಗಿ ನಿಮ್ಮ ಇಮೇಲಿನಲ್ಲಿ ಮುಂದೆ ನಿಲ್ಲಬೇಕಾದದ್ದು ಆ ಎರಡು ಬಾಟಲಿಗಳು. ಪ್ರೊಸೆಕ್ಕೊ ಬಗ್ಗೆ ನನಗೆ ಅನುಮಾನವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಆನ್‌ಲೈನ್ ಬುಕಿಂಗ್ ಮಾಡುವಾಗ ‘ವಿಶೇಷ ಕೋರಿಕೆ’ ಎಂಬ ಚಿಕ್ಕ ಪೆಟ್ಟಿಗೆ ಬರುತ್ತದಲ್ಲ, ಈ ಪ್ರಶ್ನೆಯನ್ನು ಅಲ್ಲಿ ಹಾಕಬೇಡಿ. ಅಲ್ಲಿ ಬರೆದದ್ದು ಆ ದಿನದ ಟೇಬಲ್ ಚೀಟಿಯಲ್ಲಿ ಅಚ್ಚಾಗುತ್ತದೆ, ಉತ್ತರ ಬರುವ ಖಾತ್ರಿಯಿಲ್ಲ. ನಿಮಗೆ ಬೇಕಿರುವುದು ಒಬ್ಬರ ಹೆಸರಿನ ಕೆಳಗೆ ಬಂದ ಲಿಖಿತ ಉತ್ತರ. ಬುಕಿಂಗ್ ಮುಗಿಸಿ, ಅದು ಖಚಿತವಾದ ಮೇಲೆ, ರೆಸ್ಟೋರೆಂಟಿನ ರಿಸರ್ವೇಷನ್ ವಿಳಾಸಕ್ಕೆ ಪ್ರತ್ಯೇಕ ಇಮೇಲ್ ಕಳುಹಿಸಿ. ಏಳರಿಂದ ಹತ್ತು ದಿನ ಮೊದಲು ಕಳುಹಿಸಿದರೆ ಸಾಕು. ಶುಕ್ರವಾರ ಸಂಜೆ ಕಳುಹಿಸಿದ ಪತ್ರ ಸೋಮವಾರದ ರಾಶಿಯಡಿ ಹೂತುಹೋಗುತ್ತದೆ. ವಾರದ ನಡುವೆ, ಮಧ್ಯಾಹ್ನದ ಊಟ ಮುಗಿದು ರಾತ್ರಿಯ ತಯಾರಿ ಶುರುವಾಗುವ ಮುನ್ನ, ಅಂದರೆ ಎರಡರಿಂದ ನಾಲ್ಕರ ಹೊತ್ತಿಗೆ ಮ್ಯಾನೇಜರ್ ಕಂಪ್ಯೂಟರಿನ ಮುಂದೆ ಕೂತಿರುವ ಸಂಭವ ಹೆಚ್ಚು.

ನೀವು ಕೇಳಬೇಕಾದ ಸಂಗತಿಗಳು ನಿಜಕ್ಕೂ ಐದಾರೇ. ಆದರೆ ‘ನಿಮ್ಮ ಕಾರ್ಕೇಜ್ ನೀತಿ ಏನು?’ ಎಂದು ಒಂದೇ ಸಾಲಲ್ಲಿ ಕೇಳಿದರೆ ‘ಬಾಟಲಿಗೆ 35 ಡಾಲರ್, ಸಂತೋಷದಿಂದ ಬನ್ನಿ’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ತಕರಾರು ಹುಟ್ಟುವುದು ಆ ಸಾಲಿನಲ್ಲಿ ಇಲ್ಲದ ವಿಷಯಗಳಿಂದ. ಒಂದೊಂದಾಗಿ ನೋಡೋಣ.

ದೊಡ್ಡದು ಮಿತಿ. ಬಹಳಷ್ಟು ಕಡೆ ಒಂದು ಟೇಬಲ್ಲಿಗೆ ಎರಡು ಬಾಟಲಿ, ಅಷ್ಟೇ. ಕೆಲವರು ಇಬ್ಬರಿಗೊಂದು ಬಾಟಲಿ ಎಂಬ ಲೆಕ್ಕ ಇಡುತ್ತಾರೆ, ಆಗ ಎಂಟು ಜನಕ್ಕೆ ನಾಲ್ಕಾಯಿತು. ಈ ಎರಡು ಪದ್ಧತಿಗಳ ನಡುವೆ ನಿಮ್ಮ ಮೂರನೇ ಬಾಟಲಿಯ ಹಣೆಬರಹ ನಿಂತಿದೆ. ಮೂರನೆಯದಕ್ಕೆ ಬಿಟ್ಟರೂ ಶುಲ್ಕ ಏರುವುದುಂಟು: ಮೊದಲೆರಡಕ್ಕೆ 35, ಮೂರನೆಯದಕ್ಕೆ 50 ಎಂಬಂತೆ. ಹಾಗೆಯೇ ಬಾಟಲಿ ಎಂದರೆ 750 ಮಿಲಿಲೀಟರ್. ಯಾರಾದರೂ ಒಂದೂವರೆ ಲೀಟರಿನ ಮ್ಯಾಗ್ನಂ ತಂದರೆ ಅದನ್ನು ಎರಡು ಬಾಟಲಿ ಎಂದೇ ಎಣಿಸುತ್ತಾರೆ. ನಿಮ್ಮಲ್ಲಿ ಅದಿಲ್ಲ, ಆದರೂ ಅಳತೆಯನ್ನು ಬರೆದುಬಿಡಿ.

ಎರಡನೆಯದು, ಅವರ ಪಟ್ಟಿಯಲ್ಲೇ ಇರುವ ವೈನನ್ನು ಹೊರಗಿನಿಂದ ತರುವಂತಿಲ್ಲ ಎಂಬ ನಿಯಮ. ಬರೆದಿರಲಿ ಬಿಡಲಿ, ಒಳ್ಳೆಯ ವೈನ್ ಪಟ್ಟಿ ಇರುವ ಕಡೆಯೆಲ್ಲ ಇದು ಇದೆ ಎಂದುಕೊಳ್ಳಿ. ಅವರು 180 ಡಾಲರಿಗೆ ಮಾರುವ ಬಾಟಲಿಯನ್ನೇ ನೀವು ಚೀಲದಿಂದ ತೆಗೆದು 35 ಕೊಡುತ್ತೇನೆ ಎಂದರೆ ಯಾರಿಗೆ ತಾನೇ ಸಹ್ಯವಾದೀತು? ವೆಬ್‌ಸೈಟಿನಲ್ಲಿ ವೈನ್ ಪಟ್ಟಿ ಇದ್ದರೆ ಮೊದಲೇ ಹುಡುಕಿ ನೋಡಿ. ಗೊಂದಲವಾಗುವುದು ಒಂದೇ ವೈನರಿಯ ಬೇರೆ ವರ್ಷದ ಬಾಟಲಿ ಪಟ್ಟಿಯಲ್ಲಿದ್ದಾಗ. ಅವರದು 2019, ನಿಮ್ಮದು 2014. ಕೆಲವರು ಅದು ಬೇರೆಯದೇ ವೈನ್ ಎನ್ನುತ್ತಾರೆ, ಕೆಲವರು ಒಪ್ಪುವುದಿಲ್ಲ. ಅದಕ್ಕೇ ಇಮೇಲಿನಲ್ಲಿ ‘ನಾಪಾದ ಕೆಂಪು ವೈನ್’ ಎಂದು ತೇಲಿಸಿ ಬರೆಯಬೇಡಿ. ಲೇಬಲ್ ಮೇಲಿರುವುದನ್ನು ಅಕ್ಷರಶಃ ಇಳಿಸಿ: ವೈನರಿಯ ಹೆಸರು, ತೋಟದ ಹೆಸರಿದ್ದರೆ ಅದು, ದ್ರಾಕ್ಷಿಯ ತಳಿ, ವರ್ಷ, ಅಳತೆ. ಆ ಒಂದು ಸಾಲು ನೋಡಿದ ಸೊಮೆಲಿಯೆಗೆ ನೀವು ತರುತ್ತಿರುವುದು ಏನೆಂದು ತಿಳಿಯುತ್ತದೆ, ಸರಿಯಾದ ಗ್ಲಾಸೂ, ವೈನನ್ನು ಬಾಟಲಿಯಿಂದ ಸುರಿದಿಡುವ ಗಾಜಿನ ಹೂಜಿ ಡಿಕ್ಯಾಂಟರೂ ಎತ್ತಿಡುತ್ತಾರೆ.

ಮೂರನೆಯದು ವಿನಾಯಿತಿ, ಅರ್ಧಕ್ಕರ್ಧ ಜನ ಕೇಳಲು ಮರೆಯುವ ಮಾತು. ಪಟ್ಟಿಯಿಂದ ಒಂದು ಬಾಟಲಿ ಕೊಂಡರೆ ಒಂದು ಬಾಟಲಿಯ ಕಾರ್ಕೇಜ್ ಬಿಟ್ಟುಬಿಡುವ ಪದ್ಧತಿ ಅನೇಕ ಕಡೆ ಇದೆ. ಕೆಲವರು ವಾರದ ನಡುವಿನ ಒಂದು ದಿನ ಕಾರ್ಕೇಜನ್ನೇ ತೆಗೆದುಕೊಳ್ಳುವುದಿಲ್ಲ. ಕೇಳಿದವರಿಗೆ ಮಾತ್ರ ಹೇಳುತ್ತಾರೆ.

ಇದರ ಜೊತೆ ಇನ್ನೆರಡು ಸಣ್ಣ ಪ್ರಶ್ನೆ. ಆರೇಳು ಜನಕ್ಕಿಂತ ದೊಡ್ಡ ಗುಂಪಿಗೆ ಸರ್ವಿಸ್ ಚಾರ್ಜ್ ತಾನಾಗಿ ಸೇರುತ್ತದೆಯೇ, ಸೇರಿದರೆ ಕಾರ್ಕೇಜ್ ಮೇಲೂ ಬೀಳುತ್ತದೆಯೇ? ಹುಟ್ಟುಹಬ್ಬದ ಕೇಕನ್ನು ಹೊರಗಿನಿಂದ ತಂದರೆ ಕತ್ತರಿಸಿ ತಟ್ಟೆಗೆ ಹಾಕಲು ತಲೆಗೆ ಇಷ್ಟು ಎಂದು ಶುಲ್ಕವಿದೆಯೇ? ಕಾರ್ಕೇಜಿನಲ್ಲಿ ಉಳಿಸಿದ್ದು ಎಷ್ಟೋ ಸಲ ಕೇಕಿನಲ್ಲಿ ಕರಗಿಹೋಗುತ್ತದೆ.

ಇಮೇಲಿನ ಮಾದರಿ ಇಲ್ಲಿದೆ. ನೀವು ಕಳುಹಿಸುವುದು ಇಂಗ್ಲಿಷಿನಲ್ಲೇ ಇರಬಹುದು. ಏನು ಮೊದಲು ಏನು ಆಮೇಲೆ ಎಂಬ ಕ್ರಮ ಕೆಡದಿದ್ದರೆ ಸಾಕು.

ವಿಷಯ: ಕಾರ್ಕೇಜ್ ವಿಚಾರ – ಶನಿವಾರ 18, ಸಂಜೆ 7, ಎಂಟು ಜನ (ನಿಮ್ಮ ಹೆಸರಿನ ಬುಕಿಂಗ್)

ನಮಸ್ಕಾರ,

ಶನಿವಾರ 18ರ ಸಂಜೆ 7 ಗಂಟೆಗೆ ನನ್ನ ಹೆಸರಿನಲ್ಲಿ ಎಂಟು ಜನರ ಟೇಬಲ್ ಕಾದಿರಿಸಿದೆ. ನನ್ನ ಪತ್ನಿಯ 40ನೇ ಹುಟ್ಟುಹಬ್ಬದ ಊಟ. ಅಂದು ನಮ್ಮದೇ ವೈನ್ ತರುವ ಆಲೋಚನೆ ಇದೆ:

2014ರ ಕ್ಯಾಬರ್ನೆ ಸೋವಿನ್ಯೊಂ, (ವೈನರಿ ಮತ್ತು ತೋಟದ ಹೆಸರು), ನಾಪಾ ವ್ಯಾಲಿ, 750 ಮಿ.ಲೀ., ಎರಡು ಬಾಟಲಿ. ನಿಮ್ಮ ವೆಬ್‌ಸೈಟಿನ ಪಟ್ಟಿಯಲ್ಲಿ ಇದು ಕಾಣಲಿಲ್ಲ. ಈಚೆಗೆ ಸೇರಿಸಿದ್ದರೆ ದಯವಿಟ್ಟು ತಿಳಿಸಿ.

ಈ ಕೆಲವು ವಿಷಯ ಖಚಿತಪಡಿಸಿದರೆ ಉಪಕಾರವಾಗುತ್ತದೆ. ಒಂದು ಬಾಟಲಿಗೆ ಶುಲ್ಕ ಎಷ್ಟು? ಎಂಟು ಜನರ ಟೇಬಲ್ಲಿಗೆ ಎಷ್ಟು ಬಾಟಲಿಯವರೆಗೆ ತರಬಹುದು, ಮೂರನೆಯದಕ್ಕೆ ಅವಕಾಶವಿದ್ದರೆ ಅದರ ಶುಲ್ಕ ಬೇರೆಯೇ? ಟೋಸ್ಟಿಗೆ ಒಂದು ಸ್ಪಾರ್ಕ್ಲಿಂಗ್ ವೈನನ್ನು ನಿಮ್ಮ ಪಟ್ಟಿಯಿಂದಲೇ ಕೊಳ್ಳುವ ಯೋಚನೆಯೂ ಇದೆ. ಹಾಗೆ ಕೊಂಡರೆ ಒಂದು ಬಾಟಲಿಯ ಕಾರ್ಕೇಜ್ ಬಿಡುವ ಪದ್ಧತಿ ಇದೆಯೇ? ಗುಂಪಿಗೆ ಸರ್ವಿಸ್ ಚಾರ್ಜ್ ಇದ್ದರೆ ಕಾರ್ಕೇಜ್ ಮೇಲೂ ಅನ್ವಯಿಸುತ್ತದೆಯೇ? ಹೊರಗಿನ ಕೇಕಿಗೆ ಶುಲ್ಕವಿದೆಯೇ?

ವೈನ್ ಹಳೆಯದು, ತಳದಲ್ಲಿ ಗಷ್ಟು ಇರಬಹುದು. ಡಿಕ್ಯಾಂಟರ್ ಸಿಗುತ್ತದೆಯೇ? ಬಾಟಲಿಗಳನ್ನು ಅಂದು ಮಧ್ಯಾಹ್ನವೇ ತಂದುಕೊಡಬಹುದೇ?

ವಂದನೆಗಳು,
ಹೆಸರು, ಫೋನ್ ನಂಬರ್

ಪ್ರೊಸೆಕ್ಕೊ ಹೆಸರೇ ಇಲ್ಲವಲ್ಲ ಎಂದು ನೋಡುತ್ತಿದ್ದೀರಿ. ಬೇಕೆಂದೇ ಬಿಟ್ಟೆ. ಕಾರಣ ಒಂದು ಲೆಕ್ಕದಲ್ಲಿದೆ. ರೆಸ್ಟೋರೆಂಟಿನಿಂದ ಹೀಗೊಂದು ಉತ್ತರ ಬಂತು ಎಂದು ಇಟ್ಟುಕೊಳ್ಳಿ: ಬಾಟಲಿಗೆ 35 ಡಾಲರ್, ಎರಡರವರೆಗೆ, ಮೂರನೆಯದಕ್ಕೆ 50, ಪಟ್ಟಿಯಿಂದ ಒಂದು ಕೊಂಡರೆ ಒಂದರ ಶುಲ್ಕ ಮಾಫಿ.

ಮೂರನ್ನೂ ನೀವೇ ಒಯ್ದರೆ 35, 35, 50 ಸೇರಿ 120 ಡಾಲರ್. ಕ್ಯಾಬರ್ನೆ ಎರಡನ್ನು ಮಾತ್ರ ಒಯ್ದು, ಸ್ಪಾರ್ಕ್ಲಿಂಗನ್ನು ಅವರ ಪಟ್ಟಿಯಿಂದ 60 ಡಾಲರಿಗೆ ಕೊಂಡರೆ ಒಂದರ ಕಾರ್ಕೇಜ್ ಹೋಗಿ 35 ಉಳಿಯಿತು, ಒಟ್ಟು 95. ಇದರ ಮೇಲೆ ಸುಮಾರು 9% ಮಾರಾಟ ತೆರಿಗೆ (ಕ್ಯಾಲಿಫೋರ್ನಿಯಾದಲ್ಲಿ ಕಾರ್ಕೇಜಿಗೂ ತೆರಿಗೆ ಇದೆ), 20% ಟಿಪ್. ಮೊದಲನೆಯದು 155ರ ಹತ್ತಿರ ಹೋಗುತ್ತದೆ, ಎರಡನೆಯದು 123ರ ಆಸುಪಾಸು. ಮೂವತ್ತೆರಡು ಡಾಲರ್ ಉಳಿತಾಯ, ಪ್ರೊಸೆಕ್ಕೊ ನಿಮ್ಮ ಫ್ರಿಜ್ಜಿನಲ್ಲೇ ಭದ್ರ, ಮೇಲಾಗಿ ಅವರ ಪಟ್ಟಿಯಿಂದ ಏನೋ ಕೊಂಡ ಗಿರಾಕಿ ಎಂಬ ಮರ್ಯಾದೆ. ಅಂಗಡಿಯಲ್ಲಿ ಇಪ್ಪತ್ತು ಡಾಲರಿಗೆ ಸಿಗುವ ಬಾಟಲಿಯನ್ನು ತೆರೆಸಲು ಐವತ್ತು ಕೊಡುವುದು ನನಗಂತೂ ಹೊಟ್ಟೆಯುರಿಯ ವ್ಯವಹಾರ.

ವಿನಾಯಿತಿಯೇ ಇಲ್ಲ ಎಂದು ಉತ್ತರ ಬಂದರೆ ಲೆಕ್ಕ ಬದಲಾಗುತ್ತದೆ. ಆಗ 60ರ ಬಾಟಲಿ ಕೊಂಡು ಎರಡಕ್ಕೂ ಕಾರ್ಕೇಜ್ ಕೊಟ್ಟರೆ 130 ಆಗುತ್ತದೆ, ಮೂರನ್ನೂ ಒಯ್ಯುವುದಕ್ಕಿಂತ ಹತ್ತು ಹೆಚ್ಚು. ಅಂಥ ಕಡೆ ಪ್ರೊಸೆಕ್ಕೊ ಒಯ್ಯಿರಿ ಎನ್ನುವುದರಲ್ಲಿ ತಪ್ಪಿಲ್ಲ, ಅವರು ಮೂರನೆಯದಕ್ಕೆ ಒಪ್ಪಿದ್ದರೆ.

ಇಷ್ಟು ವೈನ್ ಸಾಕೇ? 750 ಮಿಲಿಲೀಟರಿನ ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಗ್ಲಾಸು. ಸ್ಪಾರ್ಕ್ಲಿಂಗನ್ನು ಕಡಿಮೆ ಸುರಿಯುತ್ತಾರೆ, 125ರಂತೆ ಆರು ಗ್ಲಾಸು, ಅಂದರೆ ನಿಮ್ಮ ಆರು ಜನಕ್ಕೆ ಟೋಸ್ಟಿಗೆ ಸರಿಯಾಗಿ ಒಂದೊಂದು. ಆಮೇಲೆ ಕ್ಯಾಬರ್ನೆ ಹತ್ತು ಗ್ಲಾಸು, ತಲೆಗೆ ಒಂದೂವರೆಯ ಮೇಲೆ ಸ್ವಲ್ಪ. ಊಟದ ಜೊತೆಗೆ ಹದವಾದ ಪ್ರಮಾಣ. ಕಡಿಮೆಯಾಯಿತು ಎನಿಸಿದರೆ ಒಂದೆರಡು ಗ್ಲಾಸು ಅವರ ಪಟ್ಟಿಯಿಂದ ತರಿಸಿ. ನಾಲ್ಕನೇ ಬಾಟಲಿಯ ಯೋಚನೆ ಬೇಡ.

ಉತ್ತರ ಬಂದಾಗ ಅದನ್ನು ಓದಿ ಮುಚ್ಚಿಡಬೇಡಿ, ಎರಡು ಸಾಲಿನ ಮರುಪತ್ರ ಬರೆಯಿರಿ: ‘ಧನ್ಯವಾದ. ಹಾಗಾದರೆ ಎರಡು ಬಾಟಲಿ ತರುತ್ತೇವೆ, 35 ಡಾಲರಿನಂತೆ. ಸ್ಪಾರ್ಕ್ಲಿಂಗ್ ಒಂದನ್ನು ನಿಮ್ಮಲ್ಲೇ ಕೊಂಡಾಗ ಒಂದರ ಶುಲ್ಕ ಇರುವುದಿಲ್ಲ. ದಯವಿಟ್ಟು ಇದನ್ನು ನಮ್ಮ ಬುಕಿಂಗಿನ ಟಿಪ್ಪಣಿಯಲ್ಲಿ ಸೇರಿಸಿ.’ ಕೊನೆಯ ಆ ವಾಕ್ಯ ಮುಖ್ಯ. ಇಮೇಲಿಗೆ ಉತ್ತರಿಸಿದವರು ಶನಿವಾರ ರಾತ್ರಿ ರಜೆಯಲ್ಲಿರುತ್ತಾರೆ, ನಿಮ್ಮ ಟೇಬಲ್ಲಿನ ವೇಟರಿಗೆ ಏನೂ ಗೊತ್ತಿರುವುದಿಲ್ಲ, ಬಿಲ್ಲಿನಲ್ಲಿ ಎರಡೂ ಬಾಟಲಿಯ ಶುಲ್ಕ ಬಂದು ಕೂರುತ್ತದೆ. ಟಿಪ್ಪಣಿಯಲ್ಲಿ ಇದ್ದರೆ ಅದು ಅವರ ಪರದೆಯ ಮೇಲೆ ಕಾಣುತ್ತದೆ. ಇಲ್ಲದಿದ್ದರೆ ಅತಿಥಿಗಳ ಎದುರು ಫೋನು ತೆಗೆದು ಇಮೇಲ್ ತೋರಿಸುತ್ತಾ ಕೂರಬೇಕಾದೀತು. ಬಿಲ್ಲಿನಲ್ಲಿ ತಪ್ಪು ಕಂಡರೂ ಟೇಬಲ್ಲಿನಲ್ಲಿ ಹೇಳಬೇಡಿ, ಎದ್ದು ಹೋಗಿ ಮ್ಯಾನೇಜರ್ ಬಳಿ ಮಾತಾಡಿ.

ಇಮೇಲಿನ ಕೊನೆಯಲ್ಲಿ ಡಿಕ್ಯಾಂಟರ್ ಕೇಳಿಸಿದೆನಲ್ಲ, ಅದು ಬಿಂಕಕ್ಕಲ್ಲ. ಹತ್ತು ವರ್ಷ ದಾಟಿದ ಕ್ಯಾಬರ್ನೆಯಲ್ಲಿ ಬಣ್ಣದ ಅಂಶವೂ ಟ್ಯಾನಿನ್ನೂ ಕೂಡಿಕೊಂಡು ಗಷ್ಟಾಗಿ ತಳಕ್ಕೆ ಇಳಿದಿರುತ್ತದೆ. ವಿಷವೇನಲ್ಲ, ಆದರೆ ಬಾಯಿಗೆ ಕಾಫಿ ಚರಟದ ಹಾಗೆ ಕಹಿ, ಮರಳುಮರಳು. ಮನೆಯಲ್ಲಿ ಮಲಗಿಸಿಟ್ಟಿದ್ದರೆ ಗಷ್ಟು ಬಾಟಲಿಯ ಪಕ್ಕೆಗೆ ಅಂಟಿರುತ್ತದೆ. ಊಟಕ್ಕೆ ಒಂದು ಪೂರ್ತಿ ದಿನ ಮೊದಲು ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ, ಗಷ್ಟು ತಳ ಸೇರುತ್ತದೆ. ಆಮೇಲೆ ಕಾರಿನಲ್ಲಿ ಉರುಳಾಡಿಸಿಕೊಂಡು ಹೋದರೆ ಮಾಡಿದ್ದೆಲ್ಲ ವ್ಯರ್ಥ. ಎರಡು ಕಾಲಿನ ನಡುವೆ ನೆಟ್ಟಗೆ ಹಿಡಿದು ಕೂರುವ ಒಬ್ಬರನ್ನು ನೇಮಿಸಿ, ಭಾವನವರಿಗೆ ಈ ಕೆಲಸ ಕೊಡಬಹುದು. ಮಧ್ಯಾಹ್ನವೇ ತಲುಪಿಸುವ ಮಾತು ಕೇಳಿದ್ದೂ ಇದಕ್ಕೇ: ಬಾಟಲಿ ಅವರ ಸೆಲ್ಲಾರಿನಲ್ಲಿ ನಾಲ್ಕೈದು ಗಂಟೆ ಅಲುಗಾಡದೆ ನಿಲ್ಲುತ್ತದೆ, 16ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಬರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಮಧ್ಯಾಹ್ನ ಕಳೆದ ವೈನಿನ ಕಾರ್ಕು ಒಳಗಿನ ಒತ್ತಡಕ್ಕೆ ಸ್ವಲ್ಪ ಮೇಲೆದ್ದು, ಅಂಚಿನಲ್ಲಿ ಜಿನುಗಿದ ಕಲೆ ಕಾಣುತ್ತದೆ. ಹಾಗೆ ಕಂಡರೆ ಆ ಬಾಟಲಿಯ ಮೇಲೆ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ.

ಹಳೆಯ ಕಾರ್ಕು ತಿರುಪಿನ ಓಪನರಿಗೆ ಪುಡಿಯಾಗುವುದುಂಟು. ವರ್ಷವನ್ನು ಇಮೇಲಿನಲ್ಲೇ ತಿಳಿಸಿದ್ದರೆ ಅನುಭವಸ್ಥರು ಎರಡು ಅಲಗಿನ ಓಪನರ್ ತರುತ್ತಾರೆ. ಅದು ಕಾರ್ಕಿಗೂ ಗಾಜಿಗೂ ನಡುವೆ ಇಳಿದು, ಕಾರ್ಕನ್ನು ಚುಚ್ಚದೆ ತಿರುಗಿಸಿ ಎಳೆಯುತ್ತದೆ. ತೆರೆದ ಮೇಲೆ ನಿಮಗೆ ಸ್ವಲ್ಪ ಸುರಿದು ರುಚಿ ನೋಡಲು ಕೊಡುತ್ತಾರೆ. ಒದ್ದೆಯಾದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದರೆ ಕಾರ್ಕಿನಿಂದಲೇ ಕೆಟ್ಟಿದೆ ಎಂದು ಅರ್ಥ, ಡಿಕ್ಯಾಂಟರಿನಲ್ಲಿ ಎಷ್ಟು ಹೊತ್ತು ಇಟ್ಟರೂ ಸರಿಹೋಗುವುದಿಲ್ಲ. ಅವರ ಪಟ್ಟಿಯ ಬಾಟಲಿಯಾಗಿದ್ದರೆ ಬದಲಿಸಿ ಕೊಡುತ್ತಿದ್ದರು. ನಿಮ್ಮದಾದ್ದರಿಂದ ನಷ್ಟ ನಿಮ್ಮದೇ, ಅದಕ್ಕೆ ಕಾರ್ಕೇಜ್ ಹಾಕುವುದೋ ಬಿಡುವುದೋ ಮ್ಯಾನೇಜರ್ ಮರ್ಜಿ. ಚೆನ್ನಾಗಿದ್ದರೆ, ಬಡಿಸಿದ ಸೊಮೆಲಿಯೆಗೆ ಒಂದು ಗುಟುಕು ರುಚಿ ನೋಡುತ್ತೀರಾ ಎಂದು ಕೇಳಿ. ಇದು ಹಳೆಯ ರೂಢಿ, ಬಹುಮಟ್ಟಿಗೆ ಖುಷಿಯಿಂದ ಒಪ್ಪುತ್ತಾರೆ. ಕಾರ್ಕೇಜ್ ಮಾಫಿಯಾದರೂ ಟಿಪ್ಪಿನಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಡಿಕ್ಯಾಂಟರ್ ಹಿಡಿದು ನಿಂತ ಕೆಲಸ ಮಾಫಿಯಾಗಿರುವುದಿಲ್ಲ.

ಬೇರೆ ಊರಿನ ಓದುಗರಿಗೆ ಒಂದು ಮಾತು: ಮೆಲ್ಬರ್ನ್, ಸಿಡ್ನಿಗಳಲ್ಲಿ ಕಾರ್ಕೇಜನ್ನು ಬಾಟಲಿಗಲ್ಲದೆ ತಲೆಗೆ ಇಷ್ಟು ಎಂದು ಹಾಕುವುದು ಸಾಮಾನ್ಯ. ಕುಡಿಯದವರನ್ನೂ ಎಣಿಸುತ್ತಾರೆಯೇ ಎಂದು ಅಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಬಾಟಲಿಯಲ್ಲಿ ಅರ್ಧ ಉಳಿದರೆ ಬಿಟ್ಟುಬರಬೇಡಿ, ಕಾರ್ಕು ಹಾಕಿಸಿಕೊಂಡು ಮನೆಗೆ ತನ್ನಿ. ಆದರೆ ಬರುವಾಗ ಅದು ಯಾರ ಕಾಲ ಬಳಿಯೂ ಇರಕೂಡದು. ತೆರೆದ ಬಾಟಲಿ ಕಾರಿನ ಡಿಕ್ಕಿಯಲ್ಲಿ ಇರಬೇಕು, ಅದು ಕ್ಯಾಲಿಫೋರ್ನಿಯಾದ ವಾಹನ ಕಾನೂನು. ಡಿಕ್ಕಿಯಿಲ್ಲದ ಗಾಡಿಯಾದರೆ ಜನ ಕೂರದ ಹಿಂದಿನ ಜಾಗದಲ್ಲಿ ಇಡಿ. ಮುಂದಿನ ಗ್ಲೋವ್ ಬಾಕ್ಸಿನಲ್ಲಿ ಇಟ್ಟರೆ ಆಗುವುದಿಲ್ಲ.